ಪುಟ ಒಂದು, ಬ್ಯಾಚು ಹಲವು: ಆನ್‌ಲೈನ್‌ನಲ್ಲಿ ಮಾರುವ ಕ್ರೀಮಿನ ವಿವರ ಹೇಗಿರಬೇಕು

ಕೈಯಲ್ಲಿ ಡಬ್ಬಿ ಇದ್ದರೆ ತಿರುಗಿಸಿ ಓದಬಹುದು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಪದಾರ್ಥಗಳಿರುತ್ತವೆ, ತಳದಲ್ಲಿ ದಿನಾಂಕ ಒತ್ತಿರುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಅವಕಾಶವಿಲ್ಲ. ಮಾರುವವರು ಪುಟದಲ್ಲಿ ಏನು ಬರೆದಿರುತ್ತಾರೋ ಅದೇ ಅವರ ಪಾಲಿನ ಲೇಬಲ್. ಹಾಗಾಗಿ ಚರ್ಮಕ್ಕೆ ಹಚ್ಚುವ ಸಾಮಾನನ್ನು ಮಾರುವ ತಾಣಗಳು ನಾಲ್ಕು ವಿವರಗಳನ್ನು ಬಿಡದೆ ಕೇಳುತ್ತವೆ: ಪದಾರ್ಥಗಳು, ಯಾವ ಬಗೆಯ ಚರ್ಮಕ್ಕೆ, ಮೊದಲು ಚರ್ಮದ ಸಣ್ಣ ಜಾಗಕ್ಕೆ ಹಚ್ಚಿ ನೋಡುವ ಪ್ಯಾಚ್ ಟೆಸ್ಟಿನ ಸಲಹೆ, ಅವಧಿ ಮುಗಿಯುವ ದಿನಾಂಕ. ನಾಲ್ಕೂ ಕಡೆ ಏನಾದರೊಂದು ತುಂಬಿದರೆ ಪುಟ ಪ್ರಕಟವಾಗಿಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಯೇ.

ಇಂಥ ಒಂದು ಪುಟವನ್ನು ಊಹಿಸಿಕೊಳ್ಳೋಣ. ಮುಖಕ್ಕೆ ಹಚ್ಚುವ ಒಂದು ಕ್ರೀಮ್. ಪದಾರ್ಥಗಳು: 'ವಿಟಮಿನ್ ಸಿ, ಹಯಲುರಾನಿಕ್ ಆಮ್ಲ, ಗುಲಾಬಿ ಸಾರ'. ಚರ್ಮದ ಬಗೆ: 'ಎಲ್ಲ ಬಗೆ'. ಸಲಹೆ: 'ಬಳಸುವ ಮುನ್ನ ಪ್ಯಾಚ್ ಟೆಸ್ಟ್ ಮಾಡಿ'. ದಿನಾಂಕ: '24 ತಿಂಗಳು'. ಒಂದು ಜಾಗವೂ ಖಾಲಿ ಇಲ್ಲ. ಆದರೂ ಕೊಳ್ಳುವವರು ಇದನ್ನು ಓದಿ ತೀರ್ಮಾನಿಸಬಹುದಾದದ್ದು ಏನೂ ಇಲ್ಲ.

ನನ್ನ ಮಟ್ಟಿಗೆ ಇದರ ಮೂಲ ಕಾರಣ ಒಂದೇ. ಈ ನಾಲ್ಕು ವಿವರಗಳನ್ನೂ ನಾವು ಒಂದೇ ಜಾತಿಯವೆಂದು ಎಣಿಸುತ್ತೇವೆ, ಅವು ಹಾಗಿಲ್ಲ. ಪದಾರ್ಥಗಳ ಪಟ್ಟಿ ಸೇರುವುದು ತಯಾರಿಕೆಯ ಸೂತ್ರಕ್ಕೆ. ಸೂತ್ರ ಬದಲಾಗುವ ತನಕ ಪಟ್ಟಿಯೂ ಬದಲಾಗದು. ದಿನಾಂಕ ಸೇರುವುದು ಬ್ಯಾಚಿಗೆ, ಅಂದರೆ ಒಂದು ಸಲಕ್ಕೆ ಕಲಸಿ ತುಂಬಿದ ಡಬ್ಬಿಗಳ ಗುಂಪಿಗೆ. ಮುಂದಿನ ಬ್ಯಾಚು ಬಂದ ದಿನವೇ ಅದು ಹಳತಾಗುತ್ತದೆ. ಚರ್ಮದ ಬಗೆ ಮತ್ತು ಪ್ಯಾಚ್ ಟೆಸ್ಟ್ ಸಂಬಂಧಪಡುವುದು ಹಚ್ಚಿಕೊಳ್ಳುವ ವ್ಯಕ್ತಿಗೆ. ಅವೆರಡರ ಬಗ್ಗೆ ಮಾರುವವರು ಹೇಳಬಹುದಾದದ್ದೆಲ್ಲ ಪದಾರ್ಥಗಳ ಪಟ್ಟಿಯಿಂದಲೇ ಹೊರಡಬೇಕು. ಮಾರಾಟದ ಪುಟ ಮಾತ್ರ ಒಂದೇ. ಒಮ್ಮೆ ಬರೆದರೆ ವರ್ಷಗಟ್ಟಲೆ ಹಾಗೆಯೇ ನಿಂತಿರುತ್ತದೆ. ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಹೊಂದಾಣಿಕೆ ಇಲ್ಲದ ಕಡೆಯಲ್ಲಿ.

ಮೊದಲು ಪದಾರ್ಥಗಳನ್ನು ನೋಡೋಣ, ಏಕೆಂದರೆ ಉಳಿದವು ಇದರ ಮೇಲೆ ನಿಂತಿವೆ. ನಮ್ಮ ಊಹೆಯ ಕ್ರೀಮಿನ ಡಬ್ಬಿಯ ಹಿಂಬದಿಯಲ್ಲಿ ಮುದ್ರಿಸಿರುವುದು ಹೀಗಿದೆ ಎಂದಿಟ್ಟುಕೊಳ್ಳಿ:

```
Aqua, Glycerin, Caprylic/Capric Triglyceride,
Cetearyl Alcohol, Prunus Amygdalus Dulcis Oil,
Ceteareth-20, Ascorbyl Glucoside, Phenoxyethanol,
Parfum, Sodium Hyaluronate, Tocopherol,
Rosa Damascena Flower Extract, Linalool, Limonene
```

ಈ ಹೆಸರುಗಳು ಐಎನ್‌ಸಿಐ ಎಂಬ ಅಂತರರಾಷ್ಟ್ರೀಯ ಹೆಸರಿನ ಪದ್ಧತಿಗೆ ಸೇರಿದವು. 1970ರ ದಶಕದಲ್ಲಿ ರೂಪುಗೊಂಡ ಈ ಪದ್ಧತಿಯ ಪ್ರಯೋಜನ ಸರಳ: ಒಂದು ವಸ್ತುವಿಗೆ ಎಲ್ಲೆಡೆ ಒಂದೇ ಹೆಸರು. ನೀರಿನಂಥ ಕೆಲವಕ್ಕೆ ಮಾತ್ರ ದೇಶದಿಂದ ದೇಶಕ್ಕೆ ಹೆಸರು ಸ್ವಲ್ಪ ಬದಲಾಗುತ್ತದೆ. ಚರ್ಮರೋಗ ತಜ್ಞರು ಒಬ್ಬರಿಗೆ 'ನಿಮಗೆ ಲಿನಲೂಲ್ ಆಗುವುದಿಲ್ಲ' ಎಂದು ಬರೆದುಕೊಟ್ಟರೆ, ಅವರು ಈ ಪದ್ಧತಿಯಲ್ಲಿ ಬರೆದ ಯಾವ ಡಬ್ಬಿಯ ಮೇಲೂ ಅದೇ ಹೆಸರನ್ನು ಹುಡುಕಬಹುದು. ಮಾರಾಟದ ಪುಟದಲ್ಲಿ ಇದನ್ನು 'ಲ್ಯಾವೆಂಡರಿನ ನೈಸರ್ಗಿಕ ಪರಿಮಳ' ಎಂದು ಬದಲಿಸಿ ಬರೆದ ಕ್ಷಣ ಆ ದಾರಿ ಮುಚ್ಚಿಹೋಗುತ್ತದೆ. ಆಡುಮಾತಿನ ವಿವರಣೆ ಬೇಕಿದ್ದರೆ ಕೆಳಗೆ ಬೇರೆಯಾಗಿ ಕೊಡಲಿ, ಒಳ್ಳೆಯದೇ. ಪಟ್ಟಿಯನ್ನು ಮಾತ್ರ ಡಬ್ಬಿಯ ಮೇಲೆ ಇರುವ ಹಾಗೆಯೇ, ಅದೇ ಕ್ರಮದಲ್ಲಿ, ಅಲ್ಪವಿರಾಮ ಹಾಕಿ ಇಳಿಸಿಕೊಳ್ಳಬೇಕು.

ಕ್ರಮಕ್ಕೂ ಅರ್ಥವಿದೆ. ಹೆಚ್ಚು ತೂಕದಲ್ಲಿರುವುದು ಮೊದಲು, ಕಡಿಮೆ ಇರುವುದು ನಂತರ. ಶೇ. 1ಕ್ಕಿಂತ ಕಡಿಮೆ ಇರುವವುಗಳನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಬಣ್ಣಗಳಿದ್ದರೆ ಅವೂ ತುದಿಗೆ ಬರುತ್ತವೆ. ಈ ಶೇ. 1ರ ಗೆರೆ ಎಲ್ಲಿ ಬೀಳುತ್ತದೆ ಎಂದು ಲೇಬಲ್ ಹೇಳುವುದಿಲ್ಲ. ಆದರೆ ಒಂದು ಸುಳಿವು ಸಿಗುತ್ತದೆ. ಫೆನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಐರೋಪ್ಯ ಒಕ್ಕೂಟದ ನಿಯಮ ಹೆಚ್ಚೆಂದರೆ ಶೇ. 1ರಷ್ಟು ಬಳಸಲು ಬಿಡುತ್ತದೆ. ಆ ನಿಯಮದಂತೆ ತಯಾರಾದ ಕ್ರೀಮಿನಲ್ಲಿ ಫೆನಾಕ್ಸಿಎಥನಾಲ್‌ನ ಆಚೆ ಬರುವುದೆಲ್ಲ ಶೇ. 1 ಅಥವಾ ಅದಕ್ಕಿಂತ ಕಡಿಮೆ. ಈಗ ನಮ್ಮ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಪುಟದಲ್ಲಿ ಮೆರೆಯುವ, ಪಟ್ಟಿಯಲ್ಲಿ ಸೋಡಿಯಂ ಹಯಲುರಾನೇಟ್ ಎಂದಿರುವ ಹಯಲುರಾನಿಕ್ ಆಮ್ಲ ಮತ್ತು ಗುಲಾಬಿ ಸಾರ ಎರಡೂ ಆ ಗೆರೆಯ ಆಚೆ ಇವೆ. Parfum ಎಂದಿರುವ ಸುಗಂಧವೂ ಅಲ್ಲಿಯೇ ಇದೆ, ಅದೂ ಗುಲಾಬಿ ಸಾರಕ್ಕಿಂತ ಮೊದಲು. ವಿಟಮಿನ್ ಸಿಯ ರೂಪವಾದ ಆಸ್ಕಾರ್ಬಿಲ್ ಗ್ಲೂಕೋಸೈಡ್ ಫೆನಾಕ್ಸಿಎಥನಾಲ್‌ಗಿಂತ ಮೊದಲು ಬಂದಿದ್ದರೂ ಅದು ಶೇ. 1ಕ್ಕಿಂತ ಹೆಚ್ಚಿದೆ ಎಂದು ಹೇಳುವಂತಿಲ್ಲ. ಗೆರೆ ಅದಕ್ಕಿಂತ ಮೊದಲೇ ಬಿದ್ದಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪಟ್ಟಿಯ ಕೊನೆಯಲ್ಲಿದೆ ಎಂದ ಮಾತ್ರಕ್ಕೆ ಪದಾರ್ಥ ಸುಳ್ಳಲ್ಲ. ಸೋಡಿಯಂ ಹಯಲುರಾನೇಟನ್ನು ಸಾಮಾನ್ಯವಾಗಿ ಸ್ವಲ್ಪವೇ ಹಾಕುತ್ತಾರೆ, ಹೆಚ್ಚಾದರೆ ಕ್ರೀಮ್ ಅಂಟಂಟಾಗುತ್ತದೆ. ನನ್ನ ತಕರಾರು ಬೇರೆ. 'ಮುಖ್ಯ ಪದಾರ್ಥಗಳು' ಎಂದು ಮೂರನ್ನು ಎತ್ತಿ ಹೇಳಿ ಉಳಿದ ಹನ್ನೊಂದನ್ನು ನುಂಗಿಬಿಡುವುದು ತಪ್ಪು. ಹಾಗೆ ಮರೆಯಾದ ಹನ್ನೊಂದರಲ್ಲಿ ಸಿಹಿ ಬಾದಾಮಿ ಎಣ್ಣೆ ಇದೆ. ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಎಂದರೆ ಅದೇ. ಸುಗಂಧ ಇದೆ, ಲಿನಲೂಲ್ ಇದೆ, ಲಿಮೊನೀನ್ ಇದೆ. ಅಲರ್ಜಿ ಇರುವವರು ಹುಡುಕುವುದು ಇವನ್ನೇ. ಚರ್ಮಕ್ಕೆ ತೊಂದರೆ ಕೊಡುವುದು ಜಾಹೀರಾತಿನಲ್ಲಿ ಹೆಸರು ಬಂದ ವಸ್ತುವೇ ಆಗಬೇಕೆಂದಿಲ್ಲ. ಅನೇಕ ಸಲ ಅದು ಸುಗಂಧವೋ ಸಂರಕ್ಷಕವೋ ಆಗಿರುತ್ತದೆ.

'ಪರ್ಫ್ಯೂಮ್' ಅಥವಾ 'ಫ್ರೇಗ್ರೆನ್ಸ್' ಎಂಬ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ಅದಕ್ಕಾಗಿ ಐರೋಪ್ಯ ಒಕ್ಕೂಟ ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳನ್ನು ಹೆಸರಿಸಿ ಬರೆಯುವಂತೆ ಕಡ್ಡಾಯ ಮಾಡಿತು. ಹಚ್ಚಿ ಹಾಗೆಯೇ ಬಿಡುವ ಕ್ರೀಮಿನಲ್ಲಿ ಶೇ. 0.001, ತೊಳೆದು ತೆಗೆಯುವ ಸಾಮಾನಿನಲ್ಲಿ ಶೇ. 0.01 ಮೀರಿದರೆ ಹೆಸರು ಬರಬೇಕು. 2023ರ ತಿದ್ದುಪಡಿ ಈ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಏರಿಸಿದೆ; ಹಂತಹಂತವಾಗಿ ಜಾರಿಗೆ ಬರುತ್ತಿರುವುದರಿಂದ ಒಳಗಿನ ಸರಕು ಬದಲಾಗದೆಯೂ ಹಲವು ಡಬ್ಬಿಗಳ ಪಟ್ಟಿ ಉದ್ದವಾಗಲಿದೆ. ಅಂಥ ಕಡೆಗಳಲ್ಲಿ ಹಳೆಯ ಪುಟವನ್ನು ಹೊಸ ಡಬ್ಬಿಯೊಡನೆ ಮತ್ತೆ ಹೋಲಿಸಿ ನೋಡದೆ ಬೇರೆ ದಾರಿಯಿಲ್ಲ.

ಪಟ್ಟಿಯನ್ನು ಚಿತ್ರವಾಗಿ ಮಾತ್ರ ಹಾಕುವ ರೂಢಿಯೂ ಇದೆ. ಹಾಕಲಿ, ಡಬ್ಬಿಯ ಹಿಂಬದಿಯ ಚಿತ್ರ ಉಪಯುಕ್ತವೇ. ಆದರೆ ಚಿತ್ರದೊಳಗಿನ ಅಕ್ಷರವನ್ನು ತಾಣದ ಹುಡುಕಾಟ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಕಣ್ಣು ಕಾಣದವರ ಮೊಬೈಲ್ ಅದನ್ನು ಸರಿಯಾಗಿ ಓದಿ ಹೇಳೀತೆಂಬ ಖಾತರಿಯಿಲ್ಲ, ತನಗಾಗದ ಪದಾರ್ಥವನ್ನು ಬೇರ್ಪಡಿಸಲು ಹೊರಟವರಿಗೆ ಅದು ಸಿಗುವುದಿಲ್ಲ. ಅಕ್ಷರದ ಪಟ್ಟಿ ಇರಲೇಬೇಕು. ಚಿತ್ರ ಅದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿರಲಿ.

ಸೂತ್ರವೂ ಶಾಶ್ವತವಲ್ಲ. ಮಿಥೈಲ್‌ಐಸೋಥಯಾಝೋಲಿನೋನ್ ಎಂಬ ಸಂರಕ್ಷಕದ ಕತೆ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಕಾಲದಲ್ಲಿ ಅದು ಕ್ರೀಮು, ಒದ್ದೆ ಟಿಶ್ಯೂ, ಶಾಂಪೂಗಳಲ್ಲೆಲ್ಲ ಇತ್ತು. ಅದರಿಂದ ಚರ್ಮದ ಅಲರ್ಜಿ ಹೆಚ್ಚುತ್ತಿರುವುದನ್ನು ಕಂಡ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. 2017ರಿಂದ ಐರೋಪ್ಯ ಒಕ್ಕೂಟದಲ್ಲಿ ಹಚ್ಚಿ ಬಿಡುವ ಸಾಮಾನುಗಳಲ್ಲಿ ಅದನ್ನು ಬಳಸುವಂತಿಲ್ಲ. ಇಂಥ ಬದಲಾವಣೆಯಾದಾಗ ಡಬ್ಬಿಯ ಹೆಸರು, ಬಣ್ಣ, ಚಿತ್ರ ಎಲ್ಲವೂ ಮೊದಲಿನ ಹಾಗೆಯೇ ಇದ್ದು ಒಳಗಿನ ಸಂರಕ್ಷಕ ಮಾತ್ರ ಬೇರೆಯಾಗಿರಬಹುದು. ಸರಕಿನಲ್ಲಿ ಹಳೆಯ ಸೂತ್ರದ ಡಬ್ಬಿಗಳೂ ಹೊಸ ಸೂತ್ರದವೂ ಬೆರೆತು ಕೂತಿದ್ದರೆ ಒಂದೇ ಪುಟದಿಂದ ಎರಡನ್ನೂ ಮಾರಬಾರದು. ಹಳೆಯದು ಮುಗಿಯುವ ತನಕ ಎರಡು ಪುಟಗಳಿರಲಿ.

ಚರ್ಮದ ಬಗೆಯ ವಿಷಯಕ್ಕೆ ಬರೋಣ. ತಾಣಗಳು ಸಾಮಾನ್ಯವಾಗಿ ಐದು ಆಯ್ಕೆ ಕೊಡುತ್ತವೆ: ಸಾಧಾರಣ, ಒಣ, ಎಣ್ಣೆ, ಮಿಶ್ರ, ಸೂಕ್ಷ್ಮ. ಮೊದಲ ನಾಲ್ಕು ಚರ್ಮದ ಎಣ್ಣೆಯಂಶಕ್ಕೆ ಸಂಬಂಧಿಸಿದವು. ಐದನೆಯದು ಬೇರೆಯೇ ಸಂಗತಿ. ಎಣ್ಣೆಚರ್ಮದವರೂ ಒಣಚರ್ಮದವರೂ ಸೂಕ್ಷ್ಮ ಚರ್ಮದವರಾಗಿರಬಹುದು. ಐದನ್ನೂ ಗುರುತಿಸಿ 'ಎಲ್ಲ ಬಗೆ' ಎಂದರೆ ಯಾರು ಏನು ಹುಡುಕಿದರೂ ಆ ಕ್ರೀಮ್ ಕಾಣಿಸುತ್ತದೆ ಎಂಬ ಆಸೆಯಿಂದ ಮಾರುವವರು ಹಾಗೆ ಮಾಡುತ್ತಾರೆ. ನಮ್ಮ ಪಟ್ಟಿ ಏನು ಹೇಳುತ್ತದೆ ನೋಡಿ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ. ಟ್ರೈಗ್ಲಿಸರೈಡ್, ಸೀಟಿಯರಿಲ್ ಆಲ್ಕೋಹಾಲ್, ಬಾದಾಮಿ ಎಣ್ಣೆ ಜಿಡ್ಡನ್ನು ತುಂಬುತ್ತವೆ. ಪಟ್ಟಿಯ ಮೊದಲ ಐದರಲ್ಲಿ ಮೂರು ಜಿಡ್ಡಿನವು. ಇದು ಒಣಚರ್ಮಕ್ಕೂ ಸಾಧಾರಣ ಚರ್ಮಕ್ಕೂ ಹೊಂದುವ ಕ್ರೀಮ್. ಸುಗಂಧ ಮತ್ತು ಅದರ ಎರಡು ಅಲರ್ಜಿಕಾರಕಗಳು ಇರುವುದರಿಂದ 'ಸೂಕ್ಷ್ಮ' ಎಂಬುದನ್ನು ಗುರುತಿಸಲೇಬಾರದು. ಮೊಡವೆ ತರುತ್ತದೆಯೇ ಇಲ್ಲವೇ ಎಂಬುದನ್ನು ಪಟ್ಟಿ ಓದಿ ಹೇಳಲಾಗುವುದಿಲ್ಲ. ಆ ಕುರಿತ ಜನಪ್ರಿಯ ಅಂಕಪಟ್ಟಿಗಳ ಬೇರು ಮೊಲದ ಕಿವಿಯ ಮೇಲೆ ನಡೆದ ಪ್ರಯೋಗಗಳಲ್ಲಿದೆ.

ಇದೇ ಪಟ್ಟಿಯ ಸೀಟಿಯರಿಲ್ ಆಲ್ಕೋಹಾಲ್ ಹೆಸರಿನಲ್ಲಿ ಆಲ್ಕೋಹಾಲ್ ಇದೆ ಎಂದು ಹೆದರಬೇಕಿಲ್ಲ. ಅದು ಮೇಣದಂಥ ಮೆತ್ತನೆಯ ವಸ್ತು, ಚರ್ಮವನ್ನು ಒಣಗಿಸುವ ಎಥನಾಲ್ ಅಲ್ಲ. 'ಆಲ್ಕೋಹಾಲ್ ಇಲ್ಲ' ಎಂದು ಪುಟದಲ್ಲಿ ಹೊಳೆಯುವ ಅಕ್ಷರದಲ್ಲಿ ಬರೆದು ಪಟ್ಟಿಯಲ್ಲಿ ಇದು ಕಂಡರೆ ಕೊಳ್ಳುವವರು ಗೊಂದಲಕ್ಕೆ ಬೀಳುತ್ತಾರೆ. ಒಂದು ಸಾಲಿನ ವಿವರಣೆ ಸಾಕು.

ಅಲರ್ಜಿ ತರುವ ಸಾಧ್ಯತೆ ಕಡಿಮೆ ಎಂದು ಸೂಚಿಸುವ 'ಹೈಪೋಅಲರ್ಜೆನಿಕ್' ಎಂಬ ಮಾತಿನ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟು, ಪರೀಕ್ಷೆಯ ಆಧಾರವಿದ್ದರೆ ಮಾತ್ರ ಈ ಮಾತನ್ನು ಬಳಸಬೇಕೆಂದು ನಿಯಮ ಮಾಡಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಅಸಿಂಧುಗೊಳಿಸಿತು. ಅಂದಿನಿಂದ ಅಲ್ಲಿ ಆ ಮಾತಿಗೆ ಕಾನೂನಿನ ವ್ಯಾಖ್ಯೆ ಇಲ್ಲ. 'ವಾಸನೆ ಇಲ್ಲ' ಮತ್ತು 'ಸುಗಂಧ ಸೇರಿಸಿಲ್ಲ' ಎಂಬುವೂ ಒಂದೇ ಅಲ್ಲ: ವಾಸನೆ ಬಾರದಂತೆ ಮರೆಮಾಚಲು ಸುಗಂಧ ಹಾಕಿದ ಕ್ರೀಮುಗಳಿವೆ. ಮುಂಬದಿಯ ಮಾತನ್ನು ಬಿಟ್ಟು ಹಿಂಬದಿಯ ಪಟ್ಟಿಯನ್ನು ನಂಬುವುದೇ ಕ್ಷೇಮ.

ಪ್ಯಾಚ್ ಟೆಸ್ಟ್ ಸಲಹೆಯೇ ನಾಲ್ಕರಲ್ಲಿ ಹೆಚ್ಚು ಬೇಕಾಬಿಟ್ಟಿಯಾಗಿ ಬರೆಯುವ ಸಾಲು. 'ಕಿವಿಯ ಹಿಂದೆ ಹಚ್ಚಿ 24 ಗಂಟೆ ಕಾಯಿರಿ' ಎನ್ನುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಅದು ಏಕೆ ಸಾಲದು ಎಂಬುದು ಅಲರ್ಜಿ ಹುಟ್ಟುವ ರೀತಿಯಲ್ಲೇ ಇದೆ. ಕ್ರೀಮು ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ. ಒಂದು ಕೆರಳಿಕೆ: ಆಮ್ಲವೋ ರೆಟಿನಾಲೋ ಚರ್ಮದ ಹೊರಪದರವನ್ನು ನೇರವಾಗಿ ಕೆಣಕುತ್ತದೆ, ಉರಿ ಮತ್ತು ಕೆಂಪು ಬೇಗನೆ ಕಾಣಿಸುತ್ತವೆ. ಇನ್ನೊಂದು ನಿಜವಾದ ಸಂಪರ್ಕ ಅಲರ್ಜಿ. ಇದರಲ್ಲಿ ದೇಹದ ರೋಗನಿರೋಧಕ ಕಣಗಳು ಆ ವಸ್ತುವನ್ನು ಗುರುತಿಟ್ಟುಕೊಂಡಿರುತ್ತವೆ. ಮತ್ತೆ ತಾಗಿದಾಗ ಅವು ಬಂದು ಸೇರಿ ಚರ್ಮ ಊದಿಕೊಂಡು ತುರಿಸುವ ಹೊತ್ತಿಗೆ ಒಂದೆರಡು ದಿನ ಕಳೆದಿರುತ್ತವೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆಯಲ್ಲಿ 48 ಗಂಟೆಗೆ ಪಟ್ಟಿ ತೆಗೆದು, ಆ ಬಳಿಕ ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವುದು ಇದಕ್ಕಾಗಿಯೇ. ಒಂದೇ ಸಲ ಹಚ್ಚಿ ಮರುದಿನ ಏನೂ ಆಗಿಲ್ಲವೆಂದು ಮುಖಕ್ಕೆ ಬಳಿದುಕೊಂಡವರಿಗೆ ಕೆರಳಿಕೆಯ ಉತ್ತರ ಸಿಕ್ಕಿರುತ್ತದೆ, ಅಲರ್ಜಿಯ ಉತ್ತರ ಸಿಕ್ಕಿರುವುದಿಲ್ಲ.

ಮನೆಯಲ್ಲಿ ಮಾಡುವ ಪರೀಕ್ಷೆಗೆ ಚರ್ಮರೋಗ ತಜ್ಞರು ಹೇಳುವ ಕ್ರಮ ಇದು. ಮೊಣಕೈಯ ಒಳಮಡಿಕೆ ಅಥವಾ ತೋಳಿನ ಒಳಬದಿಯಂಥ, ಉಜ್ಜಿ ತೊಳೆದುಹೋಗದ ಜಾಗದಲ್ಲಿ ನಾಣ್ಯದಷ್ಟು ಅಗಲಕ್ಕೆ ಹಚ್ಚಬೇಕು. ದಿನಕ್ಕೆ ಎರಡು ಸಲದಂತೆ ಏಳರಿಂದ ಹತ್ತು ದಿನ ಅದೇ ಜಾಗಕ್ಕೆ ಹಚ್ಚಬೇಕು. ಮುಖಕ್ಕೆ ಎಷ್ಟು ದಪ್ಪ ಹಚ್ಚುತ್ತೀರೋ ಅಷ್ಟೇ ದಪ್ಪ. ಮುಖದ ಮೇಲೆ ಎಷ್ಟು ಹೊತ್ತು ಬಿಡುತ್ತೀರೋ ಅಷ್ಟೇ ಹೊತ್ತು. ಮುಖ ತೊಳೆಯುವ ಜೆಲ್ ಅಥವಾ ಸಿಪ್ಪೆ ತೆಗೆಯುವ ಆಮ್ಲವನ್ನು ಹಚ್ಚಿ ಬ್ಯಾಂಡೇಜ್ ಸುತ್ತಿ ರಾತ್ರಿಯಿಡೀ ಬಿಟ್ಟರೆ ಯಾರ ಚರ್ಮವಾದರೂ ಕೆಂಪಾಗುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ. ಮಾರುವ ಸಾಮಾನು ತೊಳೆದು ತೆಗೆಯುವಂಥದ್ದೋ ಹಚ್ಚಿ ಬಿಡುವಂಥದ್ದೋ ಎಂಬುದನ್ನು ನೋಡಿ ಸಲಹೆಯ ಸಾಲು ಬದಲಾಗಬೇಕು. ಎಲ್ಲ ಪುಟಗಳಿಗೂ ಒಂದನ್ನೇ ನಕಲು ಮಾಡಿ ಅಂಟಿಸುವಂತಿಲ್ಲ.

ಸಲಹೆಯಲ್ಲಿ ಮುಂದೇನು ಮಾಡಬೇಕೆಂಬುದೂ ಇರಬೇಕು. ತುರಿಕೆ, ಗುಳ್ಳೆ, ಊತ, ಕೆಂಪು ಕಂಡರೆ ತಕ್ಷಣ ಮೆಲ್ಲಗೆ ತೊಳೆದು ಬಳಕೆ ನಿಲ್ಲಿಸುವುದು. ಕಡಿಮೆಯಾಗದಿದ್ದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗುವುದು. ಮುಖ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದರೆ ತುರ್ತು ಚಿಕಿತ್ಸೆ. ರೆಟಿನಾಲ್ ಅಥವಾ ಗ್ಲೈಕಾಲಿಕ್ ಆಮ್ಲದಂಥವು ಸೂಕ್ಷ್ಮ ಚರ್ಮದಲ್ಲಿ ಸ್ವಲ್ಪ ಕೆರಳಿಕೆ ತರುವುದು ಅವುಗಳ ಗುಣ ಎಂಬುದನ್ನೂ ಆ ಪುಟಗಳಲ್ಲಿ ಹೇಳಿದರೆ ಅನವಶ್ಯಕ ಗಾಬರಿ ತಪ್ಪುತ್ತದೆ.

ಈ ಪರೀಕ್ಷೆಗೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಇದು ಈಗಾಗಲೇ ಇರುವ ಅಲರ್ಜಿಯನ್ನು ಹಿಡಿಯಬಲ್ಲದು. ಹೊಸ ವಸ್ತುವಿಗೆ ದೇಹ ಅಲರ್ಜಿ ಬೆಳೆಸಿಕೊಳ್ಳಲು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗಬಹುದು. ಪರೀಕ್ಷೆಯಲ್ಲಿ ಪಾಸಾದ ಕ್ರೀಮು ಆರು ತಿಂಗಳ ಬಳಿಕ ತುರಿಕೆ ತರುವುದುಂಟು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನಮ್ಮನ್ನು ನೇರವಾಗಿ ದಿನಾಂಕದ ಬಳಿಗೆ ಕರೆದೊಯ್ಯುತ್ತದೆ. ನಮ್ಮ ಪಟ್ಟಿಯ ಕೊನೆಯ ಎರಡು ಹೆಸರುಗಳಾದ ಲಿನಲೂಲ್ ಮತ್ತು ಲಿಮೊನೀನ್ ತಾಜಾ ಇದ್ದಾಗ ಅಷ್ಟೇನೂ ತೀವ್ರವಾದ ಅಲರ್ಜಿಕಾರಕಗಳಲ್ಲ. ಗಾಳಿಯ ಆಮ್ಲಜನಕ ತಾಗುತ್ತಾ ಹೋದಂತೆ ಅವುಗಳಿಂದ ಹೈಡ್ರೋಪೆರಾಕ್ಸೈಡುಗಳು ಹುಟ್ಟುತ್ತವೆ. ಅಲರ್ಜಿ ತರುವುದರಲ್ಲಿ ಅವು ಮೂಲ ವಸ್ತುವಿಗಿಂತ ಬಹಳ ಬಲವಾದವು. ಮುಚ್ಚಳ ತೆರೆದು ಬಹುಕಾಲವಾದ ಡಬ್ಬಿಯೊಳಗಿನ ಕ್ರೀಮು ಮೊದಲ ದಿನ ಪರೀಕ್ಷಿಸಿದ ಕ್ರೀಮೇ ಆಗಿ ಉಳಿದಿರುವುದಿಲ್ಲ. ಹಾಗಾಗಿ ಸುಗಂಧವಿರುವ ಕ್ರೀಮಿಗೆ ದಿನಾಂಕದ ಸಾಲು ಅಲರ್ಜಿಯ ಎಚ್ಚರಿಕೆಯೂ ಹೌದು.

ಈಗ '24 ತಿಂಗಳು' ಎಂಬ ಆ ಉತ್ತರವನ್ನು ತೆಗೆದುಕೊಳ್ಳೋಣ. ಎಂದಿನಿಂದ 24 ತಿಂಗಳು? ತಯಾರಾದ ದಿನದಿಂದಲೋ, ಕೊಂಡ ದಿನದಿಂದಲೋ, ತೆರೆದ ದಿನದಿಂದಲೋ? ಅದು ಅವಧಿಯ ಉದ್ದ ಮಾತ್ರ, ದಿನಾಂಕವಲ್ಲ. ಡಬ್ಬಿಯ ಮೇಲೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಗುರುತುಗಳಿರುತ್ತವೆ. ತಯಾರಾದ ತಿಂಗಳು, ಯಾವಾಗಿನವರೆಗೆ ಚೆನ್ನಾಗಿರುತ್ತದೆ ಎಂಬ ದಿನಾಂಕ, ಮತ್ತು ಬಾಯಿ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 6M ಅಥವಾ 12M ಎಂಬ ಗುರುತು. ಆ ಚಿತ್ರದ ಅರ್ಥ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು. ಇವುಗಳ ಜೊತೆಗೆ ಬ್ಯಾಚ್ ಸಂಖ್ಯೆ ಇರುತ್ತದೆ. ಅದರಲ್ಲಿ ಅಂಕಿಗಳಿದ್ದರೂ ಅದು ದಿನಾಂಕವಲ್ಲ. ಅದನ್ನು ದಿನಾಂಕವೆಂದು ಓದಿ ಪುಟದಲ್ಲಿ ಹಾಕಿಬಿಡುವುದೂ ಉಂಟು.

ನಮ್ಮ ಕ್ರೀಮಿನ ತಳದಲ್ಲಿ ತಯಾರಿಕೆ 2025ರ ಏಪ್ರಿಲ್, ಉತ್ತಮವಾಗಿರುವುದು 2027ರ ಮಾರ್ಚ್ ಅಂತ್ಯದವರೆಗೆ, ತೆರೆದ ಮೇಲೆ 6M ಎಂದಿದೆ ಎಂದುಕೊಳ್ಳೋಣ. ಒಬ್ಬರು ಇದನ್ನು 2025ರ ಆಗಸ್ಟ್ 10ಕ್ಕೆ ತೆರೆದರು. ಅವರಿಗೆ ಆರು ತಿಂಗಳ ಗಡುವು 2026ರ ಫೆಬ್ರವರಿ 10ಕ್ಕೆ ಮುಗಿಯುತ್ತದೆ. ಡಬ್ಬಿಯ ಮೇಲೆ 2027 ಎಂದಿದ್ದರೂ ಅದು ತೆರೆಯದ ಡಬ್ಬಿಯ ಮಾತು. ಇನ್ನೊಬ್ಬರು ಅದೇ ಬ್ಯಾಚಿನ ಡಬ್ಬಿಯನ್ನು 2026ರ ಡಿಸೆಂಬರ್ 10ಕ್ಕೆ ತೆರೆದರು. ಆರು ತಿಂಗಳು ಎಣಿಸಿದರೆ 2027ರ ಜೂನ್ ಬರುತ್ತದೆ, ಆದರೆ ಅದಕ್ಕಿಂತ ಮೊದಲೇ ಮಾರ್ಚ್ ಅಂತ್ಯ ಬಂದಿರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಪುಟದಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಟ್ಟರೆ ಮಾತ್ರ ಕೊಳ್ಳುವವರು ಈ ಲೆಕ್ಕ ಮಾಡಿಕೊಳ್ಳಬಲ್ಲರು.

ದಿನಾಂಕ ಬರೆಯುವ ರೀತಿಯೂ ಸಣ್ಣ ಸಂಗತಿಯಲ್ಲ. 03/04/27 ಎಂದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. ವರ್ಷವನ್ನು ಮೊದಲು ಬರೆಯುವವರು ಅದನ್ನು 2003 ಎಂದೂ ಓದಿಯಾರು. ಈ ಗೊಂದಲ ತಪ್ಪಿಸಲೆಂದೇ ISO 8601 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ: ವರ್ಷ ನಾಲ್ಕು ಅಂಕಿ, ತಿಂಗಳು ಎರಡು, ದಿನ ಎರಡು, ನಡುವೆ ಅಡ್ಡಗೆರೆ. ಏಪ್ರಿಲ್ 3 ಆದರೆ 2027-04-03. ತಿಂಗಳು ಮಾತ್ರ ಗೊತ್ತಿದ್ದರೆ 2027-03. ಓದುವವರ ಅನುಕೂಲಕ್ಕೆ ಕೆಳಗೆ 'ಮಾರ್ಚ್ 2027ರ ಅಂತ್ಯದವರೆಗೆ' ಎಂದು ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಯಾರಿಗೂ ತಪ್ಪು ತಿಳಿಯಲು ಎಡೆಯಿಲ್ಲ.

ತಾಣದ ಫಾರಂ ದಿನವನ್ನೂ ಕೇಳಿದರೆ ಏನು ಮಾಡುವುದು? ಲೇಬಲ್ 'ಮಾರ್ಚ್ ಅಂತ್ಯದವರೆಗೆ' ಎಂದಿದ್ದರೆ 2027-03-31 ಸರಿ. ಬರೇ 'ಮಾರ್ಚ್ 2027ಕ್ಕೆ ಮುಂಚೆ ಬಳಸಿ' ಎಂದಿದ್ದರೆ ಫೆಬ್ರವರಿಯ ಕೊನೆಯ ದಿನವನ್ನು ಹಾಕುವುದೇ ಸರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ಅನುಮಾನದ ಲಾಭ ಚರ್ಮಕ್ಕೆ ಸಿಗಬೇಕು. ನೂರಾರು ಸಾಮಾನುಗಳ ವಿವರವನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿ ಒಟ್ಟಿಗೆ ಏರಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ 2027-03 ಎಂದು ಬೆರಳಚ್ಚು ಮಾಡಿದರೆ ಎಕ್ಸೆಲ್ ಅದನ್ನು ತಾನಾಗಿಯೇ 2027ರ ಮಾರ್ಚ್ 1 ಎಂದು ಪರಿವರ್ತಿಸಿಕೊಳ್ಳುತ್ತದೆ. ಏರಿಸಿದ ಮೇಲೆ ಪುಟದಲ್ಲಿ ಮಾರ್ಚ್ 1 ಕಾಣಿಸಿ, ಒಂದು ತಿಂಗಳು ಬಳಸಬಹುದಾದ ಸರಕು ಅವಧಿ ಮೀರಿದಂತಾಗುತ್ತದೆ. ಬೆರಳಚ್ಚು ಮಾಡುವ ಮೊದಲೇ ಆ ಕಾಲಮ್ಮನ್ನು ಪಠ್ಯ ಎಂದು ಬದಲಿಸಿಕೊಂಡರೆ ಈ ತೊಂದರೆ ಬಾರದು.

ಡಬ್ಬಿಯ ಮೇಲೆ ದಿನಾಂಕವೇ ಇಲ್ಲದಿದ್ದರೆ? ಅದು ಕಳ್ಳಮಾಲಿನ ಗುರುತಾಗಿರಲೇಬೇಕೆಂದಿಲ್ಲ. ಐರೋಪ್ಯ ನಿಯಮದಲ್ಲಿ 30 ತಿಂಗಳಿಗಿಂತ ಹೆಚ್ಚು ಬಾಳುವ ಸಾಮಾನಿಗೆ ಅಂತಿಮ ದಿನಾಂಕ ಕಡ್ಡಾಯವಲ್ಲ. ಅದರ ಬದಲು ತೆರೆದ ಡಬ್ಬಿಯ ಚಿತ್ರ ಬರುತ್ತದೆ. ಅಮೆರಿಕದಲ್ಲಿ ಔಷಧದ ವರ್ಗಕ್ಕೆ ಸೇರದ ಸೌಂದರ್ಯ ಸಾಮಗ್ರಿಗಳಿಗೆ ಅಂತಿಮ ದಿನಾಂಕ ಬರೆಯಲೇಬೇಕೆಂಬ ಕಾನೂನಿಲ್ಲ. ಇಂಥ ಸರಕು ಬಂದಾಗ ಫಾರಂ ಕೇಳಿತೆಂದು ಮಾರುವವರು ತಾವೇ ಒಂದು ದಿನಾಂಕ ಹುಟ್ಟಿಸಿ ಹಾಕುವುದು ನನಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲ. ಬ್ಯಾಚ್ ಸಂಖ್ಯೆ ಕೊಟ್ಟು ತಯಾರಕರನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬರುವ ತನಕ ಆ ಸರಕು ಪುಟಕ್ಕೆ ಬರದಿರಲಿ.

ಇನ್ನು ಬ್ಯಾಚಿನ ಸಮಸ್ಯೆ. ಗೋದಾಮಿನಲ್ಲಿ ಮಾರ್ಚ್ 2027ರವರೆಗಿನ ಇಪ್ಪತ್ತು ಡಬ್ಬಿಗಳಿವೆ, ನವೆಂಬರ್ 2027ರವರೆಗಿನ ಐವತ್ತು ಹೊಸದಾಗಿ ಬಂದಿವೆ. ಪುಟದಲ್ಲಿ ಯಾವ ದಿನಾಂಕ? ಮೊದಲು ಮುಗಿಯುವುದನ್ನು. ಕೊಳ್ಳುವವರಿಗೆ ನವೆಂಬರಿನ ಡಬ್ಬಿ ಹೋದರೆ ನಷ್ಟವಿಲ್ಲ. ನವೆಂಬರ್ ಎಂದು ಬರೆದು ಮಾರ್ಚಿನದನ್ನು ಕಳಿಸಿದರೆ ಅದು ಮೋಸ. ಕಳಿಸುವಾಗಲೂ ಮೊದಲು ಮುಗಿಯುವುದನ್ನೇ ಮೊದಲು ಹೊರಗೆ ಹಾಕಬೇಕು. ಮಾರ್ಚಿನ ಕೊನೆಯ ಡಬ್ಬಿ ಹೋದ ದಿನ ಪುಟದ ದಿನಾಂಕ ಬದಲಾಗಬೇಕು. 6M ಗುರುತಿನ ಕ್ರೀಮನ್ನು ಅವಧಿ ಮುಗಿಯಲು ಎರಡೇ ತಿಂಗಳಿರುವಾಗ ಮಾರಿದರೆ ಕೊಂಡವರಿಗೆ ಆರು ತಿಂಗಳ ಬಳಕೆ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂಥ ಸರಕಿನ ಪುಟದಲ್ಲಿ ಅದನ್ನು ಬಿಡಿಸಿ ಬರೆಯಲಿ, ಇಲ್ಲವೇ ಮಾರಾಟ ನಿಲ್ಲಿಸಲಿ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಕ್ರೀಮಿನ ಪುಟ ಹೀಗಾಗುತ್ತದೆ. ಹದಿನಾಲ್ಕು ಪದಾರ್ಥಗಳ ಪಟ್ಟಿ ಡಬ್ಬಿಯ ಮೇಲಿರುವಂತೆಯೇ, ಅದರ ಕೆಳಗೆ 'ಸಿಹಿ ಬಾದಾಮಿ ಎಣ್ಣೆ ಮತ್ತು ಸುಗಂಧ ಇದೆ' ಎಂಬ ಸರಳ ಸಾಲು. ಚರ್ಮದ ಬಗೆ: ಒಣ, ಸಾಧಾರಣ. ಸುಗಂಧಕ್ಕೆ ಅಲರ್ಜಿ ಇರುವವರಿಗೆ ಸೂಕ್ತವಲ್ಲ. ಸಲಹೆ: 'ಮೊಣಕೈಯ ಒಳಮಡಿಕೆಗೆ ನಾಣ್ಯದಗಲ, ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ತುರಿಕೆ, ಊತ ಅಥವಾ ಗುಳ್ಳೆ ಕಂಡರೆ ತೊಳೆದು ನಿಲ್ಲಿಸಿ. ಏನೂ ಆಗದಿದ್ದರೂ ಮುಂದೆ ಅಲರ್ಜಿ ಬಾರದೆಂಬ ಖಾತರಿಯಿಲ್ಲ.' ದಿನಾಂಕದ ಭಾಗ ಹೀಗೆ:

```
expiry: 2027-03
period after opening: 6M
```

ಅದರ ಮುಂದೆ 'ಈಗಿನ ಸರಕಿನಲ್ಲಿ ಮೊದಲು ಮುಗಿಯುವ ಬ್ಯಾಚಿನದು, ಮಾರ್ಚ್ 2027ರ ಅಂತ್ಯದವರೆಗೆ' ಎಂಬ ವಿವರಣೆ, ಮತ್ತು ಪುಟವನ್ನು ಡಬ್ಬಿಯೊಡನೆ ಕೊನೆಯ ಸಲ ಹೋಲಿಸಿ ನೋಡಿದ ದಿನಾಂಕ. ಹೋಲಿಸಿದ ದಿನಾಂಕವನ್ನು ಯಾವ ತಾಣ ಕೇಳದಿದ್ದರೂ ನಾನು ಸೇರಿಸುವಂತೆ ಹೇಳುತ್ತೇನೆ. ಪದಾರ್ಥಗಳ ಪಟ್ಟಿ ಎಷ್ಟು ಹಳೆಯದೆಂದು ಕೊಳ್ಳುವವರಿಗೆ ತಿಳಿಯಲು ಬೇರೆ ದಾರಿಯಿಲ್ಲ.

ಕೊಳ್ಳುವವರಿಗೂ ಒಂದು ಕೆಲಸ ಉಳಿಯುತ್ತದೆ. ಪಾರ್ಸೆಲ್ ಬಂದಾಗ ಮುಚ್ಚಳದ ಸೀಲ್ ಒಡೆಯುವ ಮೊದಲೇ ತಳದ ದಿನಾಂಕ ಮತ್ತು ಹಿಂಬದಿಯ ಪಟ್ಟಿಯನ್ನು ಪುಟದೊಡನೆ ಹೋಲಿಸಬೇಕು. ವ್ಯತ್ಯಾಸ ಕಂಡರೆ ಇವೆರಡರ ಮತ್ತು ಬ್ಯಾಚ್ ಸಂಖ್ಯೆಯ ಫೋಟೋವನ್ನೂ ಆ ಹೊತ್ತಿನ ಪುಟದ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಬೇಕು, ಏಕೆಂದರೆ ದೂರು ಕೊಟ್ಟ ಮರುದಿನವೇ ಪುಟ ಬದಲಾಗಿರಬಹುದು. ಸೀಲ್ ಒಡೆದ ಸೌಂದರ್ಯ ಸಾಮಗ್ರಿಯನ್ನು ಮರಳಿ ಪಡೆಯಲು ಹೆಚ್ಚಿನ ಮಾರಾಟಗಾರರು ಒಪ್ಪುವುದಿಲ್ಲ. ವ್ಯತ್ಯಾಸವಿಲ್ಲದಿದ್ದರೆ ತೆರೆದ ದಿನವನ್ನು ಡಬ್ಬಿಯ ತಳದಲ್ಲಿಯೇ ಅಳಿಸದ ಪೆನ್ನಿನಿಂದ ಬರೆದಿಡುವುದು ಒಳ್ಳೆಯದು. ಆರು ತಿಂಗಳ ಲೆಕ್ಕ ಶುರುವಾಗುವುದು ಅಂದಿನಿಂದ.